ಅಳಿಯನ ‘ನಮಸ್ಕಾರ’ವನ್ನು ನೀವು ಮುಗಿಸಬೇಡಿ

ಪ್ರಶ್ನೆ: ನಮ್ಮ ಹೊಸ ಅಳಿಯನಿಗೆ ಉಗ್ಗು ಇದೆ. ಬಾಗಿಲಲ್ಲಿ ನಿಂತು ‘ನಮಸ್ಕಾರ ಮಾವ’ ಎನ್ನುವಷ್ಟರಲ್ಲಿ ಮುಖ ಕೆಂಪಾಗುತ್ತದೆ. ನೋಡಲಾಗದೆ ನಾನೇ ‘ನಮಸ್ಕಾರ, ಬನ್ನಿ ಬನ್ನಿ’ ಎಂದು ಮುಗಿಸಿಬಿಡುತ್ತೇನೆ. ಇದು ತಪ್ಪೇ?

ಉತ್ತರ: ತಪ್ಪು. ಇದನ್ನು ಕೇಳುವವರೆಲ್ಲ ಒಳ್ಳೆಯ ಮನಸ್ಸಿನವರೇ ಆಗಿರುವುದರಿಂದ ನೇರವಾಗಿಯೇ ಹೇಳುತ್ತಿದ್ದೇನೆ.

ನಿಮ್ಮ ಅಳಿಯಂದಿರಿಗೆ ಮಾತು ಮರೆತಿಲ್ಲ. ಅದು ಮನಸ್ಸಿನಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಉಚ್ಚರಿಸುವ ಚಲನೆಗಳ ಹೊಂದಾಣಿಕೆ ಮಾತ್ರ ಆ ಕ್ಷಣ ತಪ್ಪಿ, ‘ನ-ನ-ನ’ ಎಂದು ಅಕ್ಷರ ಮರುಕಳಿಸುತ್ತದೆ, ಇಲ್ಲವೇ ಬಾಯಿ ಸಿದ್ಧವಾಗಿದ್ದರೂ ದನಿಯೇ ಹೊರಡದೆ ನಿಲ್ಲುತ್ತದೆ. ಕಷ್ಟದ ಪದ ಎದುರಾದಾಗ ಉಗ್ಗುಳ್ಳ ಅನೇಕರು ಬೇರೊಂದು ಪದಕ್ಕೆ ಹೊರಳಿ ಪಾರಾಗುತ್ತಾರೆ. ಆದರೆ ‘ಮಾವ’ ಎಂಬುದಕ್ಕಾಗಲಿ ತಮ್ಮ ಹೆಸರಿಗಾಗಲಿ ಬದಲಿ ಪದವಿಲ್ಲ. ಮೇಲಾಗಿ ಅವನ್ನು ಎದುರಿನವರು ಕಾದು ನಿಂತಿರುವಾಗಲೇ ಹೇಳಬೇಕು. ಹೀಗಾಗಿ ಮೊದಲ ಭೇಟಿಯ ಎರಡು ಮಾತುಗಳೇ ಅವರಿಗೆ ದಿನದ ಅತಿ ಕಷ್ಟದ ಮಾತುಗಳಾಗಬಹುದು.

ನನ್ನ ಬಳಿ ಬರುತ್ತಿದ್ದ ಯುವಕರೊಬ್ಬರು ಕೆಲಸಕ್ಕೆ ಸೇರಿದ ದಿನ ತಮ್ಮ ಹೆಸರಿನ ‘ಪ್ರ’ದಲ್ಲಿ ತಡೆದು ನಿಂತಾಗ, ಮೇಲಧಿಕಾರಿ ‘ಪ್ರಸಾದ್ ಅಲ್ಲವೇ?’ ಎಂದು ಪೂರ್ತಿ ಮಾಡಿದರು. ತಿದ್ದಬೇಕಾದರೆ ಮತ್ತೆ ಅದೇ ‘ಪ್ರ’ದಿಂದ ಆರಂಭಿಸಬೇಕಲ್ಲ ಎಂದು ಅವರು ತಲೆಯಾಡಿಸಿದರು. ಪ್ರಕಾಶ್ ಎಂಬ ಆ ಯುವಕ ತಿಂಗಳುಗಟ್ಟಲೆ ಆ ಕಚೇರಿಯಲ್ಲಿ ಪ್ರಸಾದ್ ಆಗಿಯೇ ಉಳಿದರು.

ನೀವು ಮಾಡಬೇಕಾದುದು ಇಷ್ಟೇ. ಕೈ ಜೋಡಿಸಿ ನಿಲ್ಲಿ. ಅವರ ತುಟಿಯನ್ನು ದಿಟ್ಟಿಸದೆ, ಕನಿಕರದಿಂದ ನೆಲವನ್ನೂ ನೋಡದೆ, ಯಾರನ್ನಾದರೂ ನೋಡುವಂತೆ ಮುಖ ನೋಡಿ. ಸಾಮಾನ್ಯವಾಗಿ ಈ ತಡೆ ಕೆಲವೇ ಸೆಕೆಂಡುಗಳದ್ದು. ಅದು ದೀರ್ಘವೆನಿಸುವುದು ನಿಮ್ಮ ಮುಜುಗರದಿಂದ. ‘ನಿಧಾನವಾಗಿ ಹೇಳಿ’, ‘ಉಸಿರೆಳೆದುಕೊಳ್ಳಿ’ ಎಂದು ಹೇಳಬೇಡಿ. ಬಾಲ್ಯದಿಂದ ಅದನ್ನೇ ಕೇಳಿ ಅವರು ಬೇಸತ್ತಿರುತ್ತಾರೆ. ‘ಮಾವ’ ಎಂಬುದು ಪೂರ್ತಿ ಹೊರಬಂದ ಮೇಲೆ ಒಂದು ಕ್ಷಣ ಬಿಟ್ಟು, ಆತುರವಿಲ್ಲದ ದನಿಯಲ್ಲಿ ‘ನಮಸ್ಕಾರ, ಬನ್ನಿ’ ಎನ್ನಿ. ನೀವೇ ಗಡಿಬಿಡಿಯಲ್ಲಿ ಮಾತನಾಡಿದರೆ ಆ ಅವಸರ ಅವರನ್ನೂ ಒತ್ತುತ್ತದೆ. ಪದ ಸೇರಿಸಿಕೊಟ್ಟರೆ ಒಳ್ಳೆಯದೆನ್ನುವವರೂ ಕೆಲವರಿದ್ದಾರೆ. ಅದನ್ನು ನೀವು ಊಹಿಸಬೇಡಿ, ಬಿಡುವಾಗಿ ಕುಳಿತಿರುವಾಗ ಅವರನ್ನೇ ಕೇಳಿ.

ಪ್ರಶ್ನೆ: ಫೋನಿನಲ್ಲಿ ಅವರ ದನಿಯೇ ಕೇಳಿಸದಿದ್ದರೆ?

ಉತ್ತರ: ‘ಹಲೋ, ಹಲೋ’ ಎಂದು ಕೂಗಿ ಕರೆ ಕಡಿಯಬೇಡಿ, ‘ಕೇಳುತ್ತಿದ್ದೇನೆ’ ಎಂದು ಒಮ್ಮೆ ಹೇಳಿ ಸುಮ್ಮನಿರಿ.

ಪ್ರಶ್ನೆ: ನಾಲಿಗೆಗೆ ಬಜೆ ತಿಕ್ಕಿದರೆ, ಬಾಯಲ್ಲಿ ಕಲ್ಲಿಟ್ಟು ಓದಿಸಿದರೆ ಉಗ್ಗು ಹೋಗುವುದೇ?

ಉತ್ತರ: ಹೋಗುವುದಿಲ್ಲ. ಹೋಗುತ್ತದೆಂದು ಹಣ ಕೀಳುವವರನ್ನು ಮನೆಯೊಳಗೆ ಬಿಟ್ಟುಕೊಳ್ಳದೆ, ಚಿಕಿತ್ಸೆ ಬೇಕೆಂದು ಅವರಿಗೇ ಅನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೋ ಹತ್ತಿರದ ಅರ್ಹ ವಾಕ್ ಚಿಕಿತ್ಸಕರ ಬಳಿಗೋ ಹೋಗಲಿ.