188 ಸಾಲುಗಳಲ್ಲಿ ಎರಡು ನಕ್ಷತ್ರ: ಜನರೇಟರ್ ಕೆಟ್ಟಿದೆ ಎನ್ನಬಹುದೇ?

ಪ್ರಶ್ನೆ: ಹಾರ್ಡ್‌ವೇರ್ ರ‍್ಯಾಂಡಮ್ ನಂಬರ್ ಜನರೇಟರ್ ಒಂದನ್ನು ಮಾಡಿದ್ದೇನೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ ಯಾದೃಚ್ಛಿಕತೆಯ ಪರೀಕ್ಷೆಗಳನ್ನೆಲ್ಲ ಓಡಿಸಿದೆ, ತಲಾ 10 ಲಕ್ಷ ಬಿಟ್‌ಗಳ 100 ಸರಣಿಗಳು. ವರದಿಯ 188 ಸಾಲುಗಳಲ್ಲಿ ಎರಡಕ್ಕೆ ನಕ್ಷತ್ರ ಬಿದ್ದಿದೆ. ಎರಡೂ NonOverlappingTemplate ಸಾಲುಗಳೇ: ಒಂದು 95/100, ಇನ್ನೊಂದು 94/100. ಉಳಿದದ್ದೆಲ್ಲ ಸರಿ. ನನ್ನ ಜನರೇಟರ್ ಫೇಲ್ ಆಯಿತೇ?

ಉತ್ತರ:

ಇಷ್ಟನ್ನೇ ನೋಡಿ ಫೇಲ್ ಎನ್ನಲು ಬರುವುದಿಲ್ಲ. ಯಾವ ದೋಷವೂ ಇಲ್ಲದ ಜನರೇಟರ್ ಕೂಡ ಇಂಥ ವರದಿಯನ್ನು ಆಗಾಗ ಕೊಡುತ್ತದೆ. ಎಷ್ಟು ಆಗಾಗ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಆ ಲೆಕ್ಕ ಗೊತ್ತಿದ್ದರೆ ಮುಂದೆ ಏನು ಮಾಡಬೇಕು ಎನ್ನುವುದೂ ತಾನಾಗಿ ಹೊಳೆಯುತ್ತದೆ.

ಒಂದು ಸರಣಿಯ ಮೇಲೆ ಒಂದು ಪರೀಕ್ಷೆ ನಡೆದಾಗ ಒಂದು ಪಿ-ಮೌಲ್ಯ ಸಿಗುತ್ತದೆ. ಜನರೇಟರ್ ನಿಜಕ್ಕೂ ಯಾದೃಚ್ಛಿಕವಾಗಿದೆ ಎಂದು ಇಟ್ಟುಕೊಂಡರೆ ಇಷ್ಟೇ ವಿಚಿತ್ರವಾದ, ಅಥವಾ ಇನ್ನೂ ವಿಚಿತ್ರವಾದ ಫಲಿತಾಂಶ ಬರುವ ಸಂಭವನೀಯತೆ ಎಷ್ಟು ಎಂದು ಅದು ಹೇಳುತ್ತದೆ. ನಿಸ್ಟ್‌ನ ಪ್ರೋಗ್ರಾಂ 0.01ಕ್ಕಿಂತ ಕಡಿಮೆ ಬಂದ ಸರಣಿಯನ್ನು ಅನುತ್ತೀರ್ಣ ಎಂದು ಎಣಿಸುತ್ತದೆ. ಗಮನಿಸಬೇಕಾದದ್ದು ಏನೆಂದರೆ, ಒಳ್ಳೆಯ ಜನರೇಟರಿನ ಪಿ-ಮೌಲ್ಯಗಳು 0ರಿಂದ 1ರವರೆಗೆ ಸಮನಾಗಿ ಹರಡಿರುತ್ತವೆ. ಆದ್ದರಿಂದ ನೂರರಲ್ಲಿ ಒಂದು 0.01ರ ಕೆಳಗೆ ಬಿದ್ದೇ ಬೀಳುತ್ತದೆ. ನಿಮ್ಮ ಪ್ರಯೋಗದಲ್ಲಿ ಸುಮಾರು 18,800 ಪಿ-ಮೌಲ್ಯಗಳಿವೆ. ಅವುಗಳಲ್ಲಿ ಹತ್ತಿರ ಹತ್ತಿರ 188 ಅನುತ್ತೀರ್ಣವಾಗುವುದು ಸಹಜ. ಒಂದೂ ಆಗದಿದ್ದರೆ ಆಗ ನಿಜವಾಗಿ ಚಿಂತೆ ಮಾಡಬೇಕು.

ಹಾಗಾಗಿಯೇ ವರದಿ ಒಂದೊಂದು ಪಿ-ಮೌಲ್ಯಕ್ಕೆ ತೀರ್ಪು ಕೊಡುವುದಿಲ್ಲ. ಪ್ರತಿ ಸಾಲಿನಲ್ಲೂ ನೂರು ಸರಣಿಗಳ ಪೈಕಿ ಎಷ್ಟು ಉತ್ತೀರ್ಣವಾದವು ಎಂದು ನೋಡುತ್ತದೆ. ನಿರೀಕ್ಷಿತ ಸಂಖ್ಯೆ 99. ಅದರಿಂದ ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್ ಕೆಳಗೆ ಗೆರೆ ಎಳೆದರೆ 96 ಸಿಗುತ್ತದೆ. ವರದಿಯ ಕೊನೆಯಲ್ಲಿ ಕನಿಷ್ಠ ಮಿತಿ ಎಂದು ಕಾಣುವ ಸಂಖ್ಯೆ ಅದೇ, ಅದಕ್ಕಿಂತ ಕೆಳಗಿಳಿದ ಸಾಲಿಗೆ ನಕ್ಷತ್ರ ಬೀಳುತ್ತದೆ. ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್ ಎಂದ ಕೂಡಲೇ ಹೆಚ್ಚಿನವರು ಸಾವಿರದಲ್ಲಿ ಒಂದೋ ಎರಡೋ ಎಂದು ಅಂದಾಜು ಮಾಡುತ್ತಾರೆ. ಇಲ್ಲಿ ಆ ಅಂದಾಜು ಹೊಂದುವುದಿಲ್ಲ. ನೂರು ಸರಣಿಗಳಲ್ಲಿ ಸರಾಸರಿ ಒಂದೇ ಒಂದು ಅನುತ್ತೀರ್ಣವಾಗುವ ಸಂದರ್ಭದಲ್ಲಿ ಹಂಚಿಕೆ ಗಂಟೆಯಾಕಾರದಲ್ಲಿ ಇರುವುದಿಲ್ಲ, ಒಂದು ಪಕ್ಕಕ್ಕೆ ಉದ್ದ ಬಾಲ ಚಾಚಿರುತ್ತದೆ. ಬೈನಾಮಿಯಲ್ ಸೂತ್ರದಿಂದ ನೇರವಾಗಿ ಲೆಕ್ಕ ಹಾಕುವುದೇ ಒಳ್ಳೆಯದು:

```python
from math import comb
q = sum(comb(100, k) * 0.01**k * 0.99**(100-k)
        for k in range(5, 101))
print(q, 188*q, 1-(1-q)**188)
```

ಮೊದಲ ಸಂಖ್ಯೆ ಸುಮಾರು 0.0034. ಅಂದರೆ ಒಳ್ಳೆಯ ಜನರೇಟರಿನ ಒಂದು ಸಾಲು 95 ಅಥವಾ ಅದಕ್ಕಿಂತ ಕೆಳಗೆ ಇಳಿಯುವ ಸಂಭವನೀಯತೆ ಸಾವಿರಕ್ಕೆ ಮೂರೂವರೆಯಷ್ಟು. ಎರಡನೆಯದು 0.65ರ ಆಸುಪಾಸು, ಇಡೀ ವರದಿಯಲ್ಲಿ ಸರಾಸರಿ ಅಷ್ಟು ನಕ್ಷತ್ರಗಳನ್ನು ನಿರೀಕ್ಷಿಸಬಹುದು. ಮೂರನೆಯದು 0.48. ದೋಷವಿಲ್ಲದ ಜನರೇಟರನ್ನು ಪರೀಕ್ಷಿಸಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಒಂದಾದರೂ ನಕ್ಷತ್ರ ಕಾಣುತ್ತದೆ! ಎರಡು ಅಥವಾ ಹೆಚ್ಚು ಕಾಣುವುದು ಏಳರಲ್ಲಿ ಒಬ್ಬರಿಗೆ. ನಿಮ್ಮ 94/100 ಸಾಲು ಸ್ವಲ್ಪ ಅಪರೂಪದ್ದು. 94 ಅಥವಾ ಅದಕ್ಕಿಂತ ಕಡಿಮೆ ಇರುವ ಸಾಲು ಸುಮಾರು ಹತ್ತು ವರದಿಗಳಿಗೆ ಒಂದರಂತೆ ಬರುತ್ತದೆ. ಅಪರೂಪ ಹೌದು, ಆದರೆ ಜನರೇಟರನ್ನು ಎಸೆದುಬಿಡುವಷ್ಟು ಅಪರೂಪವಲ್ಲ.

ಇದರಲ್ಲಿ ಒಂದು ಸರಳೀಕರಣವಿದೆ ಎಂದು ಹೇಳಲೇಬೇಕು. 188 ಸಾಲುಗಳೂ ಪರಸ್ಪರ ಸ್ವತಂತ್ರ ಎಂದು ಹಿಡಿದಿದ್ದೇನೆ. ಅವು ಸ್ವತಂತ್ರವಲ್ಲ, ಏಕೆಂದರೆ ಎಲ್ಲ ಪರೀಕ್ಷೆಗಳೂ ಅದೇ ಬಿಟ್‌ಗಳನ್ನು ಓದುತ್ತವೆ. CumulativeSumsನ ಎರಡು ಸಾಲುಗಳು 1ಕ್ಕೆ ಒಂದು ಹೆಜ್ಜೆ ಮೇಲೆ, 0ಗೆ ಒಂದು ಹೆಜ್ಜೆ ಕೆಳಗೆ ಎಂಬ ಒಂದೇ ನಡಿಗೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ಅಳೆಯುತ್ತವೆ, 1 ಮತ್ತು 0ಗಳ ಎಣಿಕೆಯನ್ನು ನೋಡುವ Frequency ಸಾಲಿಗೂ ಅವಕ್ಕೂ ಗಾಢ ನಂಟಿದೆ. ಹೀಗಾಗಿ ನಕ್ಷತ್ರಗಳು ಕೆಲವೊಮ್ಮೆ ಗುಂಪಾಗಿ ಬರುತ್ತವೆ. ಸರಾಸರಿ 0.65 ಹಾಗೆಯೇ ಇದ್ದರೂ ಒಂದೂ ಇಲ್ಲದ ವರದಿಗಳೂ ಮೂರ್ನಾಲ್ಕು ಒಟ್ಟಿಗೆ ಇರುವ ವರದಿಗಳೂ ನನ್ನ ಲೆಕ್ಕಕ್ಕಿಂತ ತುಸು ಹೆಚ್ಚೇ ಇರುತ್ತವೆ.

ನಿಮ್ಮ ಎರಡು ನಕ್ಷತ್ರಗಳೂ ಒಂದೇ ಹೆಸರಿನ ಪರೀಕ್ಷೆಯಲ್ಲಿ ಬಿದ್ದದ್ದು ಹೆದರಿಸಿರಬಹುದು. ಆದರೆ ಆ ಪರೀಕ್ಷೆ ಒಂದೇ ವರದಿಯಲ್ಲಿ 148 ಸಾಲುಗಳನ್ನು ಆಕ್ರಮಿಸಿಕೊಂಡಿದೆ, ಒಂಬತ್ತು ಬಿಟ್‌ಗಳ ಒಂದೊಂದು ನಮೂನೆಗೆ ಒಂದೊಂದು ಸಾಲು. ಐದರಲ್ಲಿ ನಾಲ್ಕು ಪಾಲು ಸಾಲುಗಳು ಅಲ್ಲೇ ಇರುವಾಗ ಆಕಸ್ಮಿಕ ನಕ್ಷತ್ರಗಳೂ ಹೆಚ್ಚಾಗಿ ಅಲ್ಲೇ ಬೀಳುತ್ತವೆ. ಬಿದ್ದ ಆ ಎರಡು ನಮೂನೆಗಳು ಒಂದಕ್ಕೊಂದು ಹೋಲುತ್ತವೆಯೇ ಎಂದು ಮಾತ್ರ ನೋಡಿ. ಎರಡರಲ್ಲೂ 1ಗಳೇ ತುಂಬಿದ್ದರೆ ಸ್ವಲ್ಪ ಹುಷಾರಾಗಿರಬೇಕು. ಸಂಬಂಧವೇ ಇಲ್ಲದಂತಿದ್ದರೆ ಆಕಸ್ಮಿಕ ಎನ್ನುವ ಕಡೆಗೇ ತಕ್ಕಡಿ ವಾಲುತ್ತದೆ.

ನಿಜವಾದ ದೋಷ ಹೇಗೆ ಕಾಣುತ್ತದೆ ಎಂಬುದನ್ನು ಪಕ್ಕದಲ್ಲಿ ಇಟ್ಟುಕೊಂಡರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹಾರ್ಡ್‌ವೇರ್ ಜನರೇಟರ್‌ಗಳಲ್ಲಿ ತೀರಾ ಸಾಮಾನ್ಯವಾದ ದೋಷ ಎಂದರೆ 1ರ ಕಡೆಗೋ 0ಯ ಕಡೆಗೋ ವಾಲುವುದು. 1 ಬರುವ ಸಂಭವನೀಯತೆ 0.5ರ ಬದಲು 0.501 ಇದೆ ಎನ್ನೋಣ. 10 ಲಕ್ಷ ಬಿಟ್‌ಗಳ ಸರಣಿಯಲ್ಲಿ 1ಗಳ ಎಣಿಕೆ ಇದರಿಂದ ಎರಡು ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು ಪಕ್ಕಕ್ಕೆ ಸರಿಯುತ್ತದೆ. ಆಗ Frequency ಸಾಲಿನಲ್ಲಿ ನೂರಕ್ಕೆ 28 ಸರಣಿಗಳು ಅನುತ್ತೀರ್ಣವಾಗಿ 72/100ರ ಆಸುಪಾಸು ಬರುತ್ತದೆ. ಜೊತೆಗೆ CumulativeSums ಸಾಲುಗಳೂ ಕುಸಿಯುತ್ತವೆ. 95ಕ್ಕೂ 72ಕ್ಕೂ ಇರುವ ಅಂತರವನ್ನು ಯಾವ ಸಂಖ್ಯಾಶಾಸ್ತ್ರವೂ ಇಲ್ಲದೆ ಗುರುತಿಸಬಹುದು.

ಕಷ್ಟವಿರುವುದು ಇನ್ನೂ ಚಿಕ್ಕ ವಾಲಿಕೆಯಲ್ಲಿ. ಅದೇ ಸಂಭವನೀಯತೆ 0.5003 ಆಗಿದ್ದರೆ ಆ ಸರಿತ 0.6 ಸ್ಟ್ಯಾಂಡರ್ಡ್ ಡೀವಿಯೇಶನ್ ಮಾತ್ರ. ಉತ್ತೀರ್ಣ ಸಂಖ್ಯೆ ಸರಾಸರಿ 97, 98. ಹೆಚ್ಚಿನ ಸಲ ನಕ್ಷತ್ರವೇ ಬೀಳುವುದಿಲ್ಲ. ದೋಷವಿದ್ದೂ ವರದಿ ಚೊಕ್ಕಟವಾಗಿರುತ್ತದೆ! ಇದಕ್ಕೆ ಮದ್ದು ಸರಣಿಯ ಉದ್ದ. ಸರಣಿಗಳನ್ನು ಒಂದು ಕೋಟಿ ಬಿಟ್‌ಗಳಿಗೆ ಏರಿಸಿದರೆ ಸರಿತ ಉದ್ದದ ವರ್ಗಮೂಲದಂತೆ ಬೆಳೆದು 1.9 ಆಗುತ್ತದೆ, Frequency ಸಾಲು 75/100ಕ್ಕೆ ಇಳಿಯುತ್ತದೆ. ದತ್ತಾಂಶ ಹೆಚ್ಚಿದಷ್ಟೂ ನಿಜವಾದ ದೋಷ ಉಲ್ಬಣಿಸುತ್ತದೆ. ಆಕಸ್ಮಿಕ ನಕ್ಷತ್ರ ಮಾತ್ರ ಹೊಸ ದತ್ತಾಂಶದಲ್ಲಿ ಬೇರೆ ಸಾಲಿಗೆ ಹಾರುತ್ತದೆ, ಇಲ್ಲವೇ ಮಾಯವಾಗುತ್ತದೆ. ಇವೆರಡನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಆದ್ದರಿಂದ ಹೊಸದಾಗಿ 100 ಸರಣಿಗಳನ್ನು ತೆಗೆಯಿರಿ. 10 ಲಕ್ಷ ಬಿಟ್‌ಗಳ ಸರಣಿಗಳಾದರೆ 12.5 ಎಂಬಿ ಸಾಕು. ಓಡಿಸುವ ಮೊದಲೇ ಆ ಎರಡು ನಮೂನೆಗಳ ಹೆಸರು ಬರೆದಿಟ್ಟುಕೊಂಡು ಈ ಸಲ ಅವೆರಡನ್ನೇ ನೋಡಿ. ಈಗ ಪ್ರಶ್ನೆ 188 ಸಾಲುಗಳದ್ದಲ್ಲ, ಎರಡೇ ಸಾಲುಗಳದ್ದು. ಒಳ್ಳೆಯ ಜನರೇಟರಿನಲ್ಲಿ ಅವುಗಳಲ್ಲಿ ಒಂದಾದರೂ ಮತ್ತೆ 96ರ ಕೆಳಗೆ ಬೀಳುವ ಸಂಭವನೀಯತೆ ನೂರಕ್ಕೆ ಒಂದಕ್ಕೂ ಕಡಿಮೆ. ಬಿದ್ದರೆ ಆ ಸಂಗತಿಗೆ ತೂಕವಿದೆ. ಬೇರೆಲ್ಲೋ ಹೊಸ ನಕ್ಷತ್ರ ಕಂಡರೆ ಅದು ಮೇಲಿನ 0.65ರ ಲೆಕ್ಕಕ್ಕೆ ಸೇರಿದ್ದು. ಆದರೆ ನಕ್ಷತ್ರವಿಲ್ಲದ ವರದಿ ಸಿಗುವವರೆಗೂ ಓಡಿಸಿ ಅದೊಂದನ್ನೇ ತೋರಿಸುವುದನ್ನು ದಯವಿಟ್ಟು ಮಾಡಬೇಡಿ. ಕೆಟ್ಟ ಜನರೇಟರಿಗೂ ಅಂಥ ಒಂದು ವರದಿ ಎಂದಾದರೂ ಸಿಕ್ಕೀತು.

ಜೊತೆಗೆ ಒಂದು ಹೋಲಿಕೆಯ ಓಟವನ್ನೂ ಮಾಡಿ. ಎಇಎಸ್ ಎಂಬ ಗೂಢಲೇಖನದ ಕೌಂಟರ್ ವಿಧಾನದಿಂದ ಬಂದ ಬಿಟ್‌ಗಳಲ್ಲಿ ಈ ಪರೀಕ್ಷೆಗಳು ಹಿಡಿಯಬಲ್ಲ ದೋಷ ಯಾವುದೂ ಇಲ್ಲ ಎಂದು ಧೈರ್ಯವಾಗಿ ನಂಬಬಹುದು:

```sh
openssl enc -aes-256-ctr -pbkdf2 -nosalt -pass pass:bija1 \
  < /dev/zero 2>/dev/null | head -c 12500000 > control.bin
```

ಪಾಸ್‌ವರ್ಡ್ ಬದಲಿಸುತ್ತಾ ಇಂಥ ಹಲವು ಫೈಲ್‌ಗಳನ್ನು ಅದೇ ಸೆಟ್ಟಿಂಗ್‌ಗಳಲ್ಲಿ ಪರೀಕ್ಷಿಸಿದರೆ ನಕ್ಷತ್ರಗಳು ಎಷ್ಟು ಸಲೀಸಾಗಿ ಬೀಳುತ್ತವೆ ಎಂಬುದನ್ನು ಕಣ್ಣಾರೆ ಕಾಣುತ್ತೀರಿ. ನನ್ನ ಲೆಕ್ಕಕ್ಕಿಂತ ಇದು ಹೆಚ್ಚು ನಂಬಿಕಸ್ಥ, ಏಕೆಂದರೆ ಸಾಲುಗಳ ನಡುವಿನ ನಂಟೂ ಪರೀಕ್ಷೆಗಳೊಳಗಿನ ಅಂದಾಜುಗಳೂ ಇದರಲ್ಲಿ ತಾವಾಗಿಯೇ ಸೇರಿಕೊಂಡಿರುತ್ತವೆ. ಫೈಲ್ ಓದಿಸುವಾಗ ಬೈನರಿ ಆಯ್ಕೆಯನ್ನೇ ಕೊಡಿ. 0 ಮತ್ತು 1 ಅಕ್ಷರಗಳಿರುವ ಪಠ್ಯ ಫೈಲನ್ನು ಬೈನರಿ ಎಂದು ಓದಿಸಿದರೆ ವರದಿಯ ತುಂಬ ನಕ್ಷತ್ರಗಳೇ.

finalAnalysisReport.txtನಲ್ಲಿ ಇನ್ನೊಂದು ಅಂಕಣವಿದೆ, P-VALUE ಎಂದು. ನೂರು ಪಿ-ಮೌಲ್ಯಗಳು C1ರಿಂದ C10ರವರೆಗಿನ ಹತ್ತು ಭಾಗಗಳಲ್ಲಿ ಸಮನಾಗಿ ಹಂಚಿಕೊಂಡಿವೆಯೇ ಎಂದು ಅದು ನೋಡುತ್ತದೆ. ಅಲ್ಲಿ ನಕ್ಷತ್ರ ಬೀಳುವ ಮಿತಿ 0.0001. ಅಂದರೆ 188 ಸಾಲುಗಳಿಗೆ ಸರಾಸರಿ 0.02 ನಕ್ಷತ್ರ, ಸುಮಾರು ಐವತ್ತು ವರದಿಗಳಿಗೆ ಒಂದು. ಆ ಅಂಕಣದ ನಕ್ಷತ್ರವನ್ನು ನಾನು ಹೀಗೆ ಹಗುರವಾಗಿ ಬಿಡುವುದಿಲ್ಲ. ನಿಮ್ಮವೆರಡೂ ಪಕ್ಕದ PROPORTION ಅಂಕಣದವು. RandomExcursions ಸಾಲುಗಳಲ್ಲಿ 60/62ರಂಥದ್ದು ಕಂಡರೆ ಗಾಬರಿಯಾಗಬೇಡಿ. ನಡಿಗೆ ಸಾಕಷ್ಟು ಸಲ ಸೊನ್ನೆಗೆ ಮರಳದ ಸರಣಿಗಳನ್ನು ಆ ಪರೀಕ್ಷೆ ಕೈಬಿಡುತ್ತದೆ, ಅದಕ್ಕೇ ಒಟ್ಟು ಸಂಖ್ಯೆ ಕಡಿಮೆ. 62ಕ್ಕೆ ಮಿತಿ 59.

ಚೊಕ್ಕಟ ವರದಿಗೂ ಒಂದು ಮಿತಿಯಿದೆ. ಮರ್ಸೆನ್ ಟ್ವಿಸ್ಟರ್ ಎಂಬ ಸಾಫ್ಟ್‌ವೇರ್ ಜನರೇಟರಿನ ಆಂತರಿಕ ಸ್ಥಿತಿ 19,937 ಬಿಟ್‌ಗಳದ್ದು. ನಿಸ್ಟ್‌ನ LinearComplexity ಪರೀಕ್ಷೆ ಸಾಮಾನ್ಯವಾಗಿ 500 ಬಿಟ್‌ಗಳ ತುಂಡುಗಳನ್ನು ನೋಡುವುದರಿಂದ ಅದರ ಸರಳರೇಖೀಯ ಸ್ವಭಾವ ಕಣ್ಣಿಗೆ ಬೀಳುವುದೇ ಇಲ್ಲ. ಟೆಸ್ಟ್‌ಯು01 ಎಂಬ ಇನ್ನೊಂದು ಪರೀಕ್ಷಾ ಸಂಗ್ರಹದ ಬಿಗ್‌ಕ್ರಶ್ ಅದನ್ನು ಹಿಡಿಯುತ್ತದೆ, ಅದೂ 0.003ರಂಥ ಅನುಮಾನದ ಪಿ-ಮೌಲ್ಯದಿಂದಲ್ಲ. ಯಾವ ಬೀಜ ಕೊಟ್ಟರೂ ಅದೇ ಪರೀಕ್ಷೆಗಳಲ್ಲಿ, ಆಕಸ್ಮಿಕ ಎನ್ನಲು ಆಸ್ಪದವೇ ಇಲ್ಲದಷ್ಟು ತೀವ್ರವಾಗಿ ಅದು ಬೀಳುತ್ತದೆ.

ನಿಮ್ಮ ವರದಿಯನ್ನು ಬೇರೆಯವರಿಗೆ ಕೊಡುವುದಾದರೆ ಎರಡೂ ಓಟಗಳ ಫಲಿತಾಂಶವನ್ನು ಪೂರ್ತಿಯಾಗಿ ಕೊಡಿ. ಮೊದಲ ಓಟದ ಎರಡು ನಕ್ಷತ್ರಗಳು, ನಿರೀಕ್ಷಿತ 0.65, ಹೊಸ ದತ್ತಾಂಶದಲ್ಲಿ ಅದೇ ನಮೂನೆಗಳಿಗೆ ಬಂದ ಸಂಖ್ಯೆಗಳು, ಎಇಎಸ್ ಫೈಲ್‌ಗಳಲ್ಲಿ ಕಂಡ ನಕ್ಷತ್ರಗಳ ಎಣಿಕೆ, ಎಲ್ಲವೂ ಅದರಲ್ಲಿರಲಿ.