ಉಪವಾಸದ ದಿನ ಅಮಿಟ್ರಿಪ್ಟಿಲಿನ್ ಯಾವಾಗ ತಗೋಬೇಕು?

"ದಿನಾ ರಾತ್ರಿ 11ಕ್ಕೆ ಅಮಿಟ್ರಿಪ್ಟಿಲಿನ್ 25 ತಗೋತೀನಿ. ಉಪವಾಸದಲ್ಲಿ ಬೆಳಗಿನ ಜಾವ 4ಕ್ಕೆ ಎದ್ದು ಊಟ ಮಾಡಬೇಕು. ಆಗಲೇ ತಗೊಂಡ್ರೆ ಆಗುತ್ತಾ?"

ಬೇಡ. ಬೆಳಗಿನ ಜಾವ ನುಂಗಿದರೆ ಮಂಪರೆಲ್ಲ ಹಗಲಿಗೆ ಬೀಳುತ್ತದೆ. ಆಗ ಗಾಡಿ ಓಡಿಸೋದು ಅಪಾಯ.

11ಕ್ಕೇ ತಗೊಂಡರೂ ಕಷ್ಟ, 4ಕ್ಕೆ ಏಳುವಾಗ ಮಂಪರು ಇನ್ನೂ ಜೋರಾಗಿಯೇ ಇರುತ್ತದೆ. ಸಂಜೆ ಉಪವಾಸ ಬಿಟ್ಟು ಊಟ ಮಾಡಿದ ಮೇಲೆ, 8.30ರ ಹೊತ್ತಿಗೆ ತಗೊಂಡು 9.30ಕ್ಕೆ ಮಲಗುವುದು ವಾಸಿ. ಈ ಮಾತ್ರೆ ಮೈಯಲ್ಲಿ ತುಂಬಾ ಹೊತ್ತು ಉಳಿಯುತ್ತದೆ, ಹಾಗಾಗಿ ಎರಡೂವರೆ ಗಂಟೆ ಹಿಂದೆ ಸರಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೂ ಶುರುವಿಗೆ ಮುಂಚೆ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ, ಬೇರೆ ಮಾತ್ರೆಗಳಿದ್ದರಂತೂ ಖಂಡಿತ.

ನನಗೆ ಹೆಚ್ಚು ಚಿಂತೆ ನೀರಿನದು. ಈ ಮಾತ್ರೆ ಬಾಯಿ ಒಣಗಿಸುತ್ತದೆ, ಎದ್ದು ನಿಂತಾಗ ಬಿಪಿಯನ್ನೂ ಇಳಿಸುತ್ತದೆ. ನೀರು ಕಡಿಮೆಯಾದರೆ ಎರಡೂ ಜಾಸ್ತಿ. ನನ್ನ ಅಮ್ಮ ಹೀಗೇ ಬೆಳಗಿನ ಜಾವ ಮಂಚದಿಂದ ಎದ್ದವರು ಬಾಗಿಲ ಹತ್ತಿರ ಕುಸಿದುಬಿಟ್ಟರು. ಅವತ್ತಿನಿಂದ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತೇ ಏಳುತ್ತಾರೆ. ನೀವೂ ಹಾಗೇ ಮಾಡಿ. ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಅವತ್ತಿನ ಉಪವಾಸ ಬಿಟ್ಟು ನೀರು ಕುಡಿಯಿರಿ.

ಒಂದು ರಾತ್ರಿ ಮರೆತರೆ ಮರುದಿನ ಎರಡು ನುಂಗಬೇಡಿ. ನೀವೇ ನಿಲ್ಲಿಸಲೂ ಬೇಡಿ, ತಟ್ಟನೆ ಬಿಟ್ಟರೆ ವಾಕರಿಕೆ, ತಲೆನೋವು, ನಿದ್ದೆಗೇಡು ಶುರುವಾಗಬಹುದು.