ಎಲ್ಲ ಬಿಂದುಗಳಿಗೂ ಒಂದೇ ಸಬ್‌ಸೀಕ್ವೆನ್ಸ್ ಹೇಗೆ ಸಾಕಾಗುತ್ತೆ?

ಪ್ರಶ್ನೆ: [0,1] ಮೇಲೆ ಯೂನಿಫಾರ್ಮ್ಲಿ ಬೌಂಡೆಡ್, ಈಕ್ವಿಕಂಟಿನ್ಯುಯಸ್ ಆದ ಫಂಕ್ಷನ್‌ಗಳ ಸೀಕ್ವೆನ್ಸ್ ಇದ್ದರೆ, ಅದರಲ್ಲಿ ಯೂನಿಫಾರ್ಮ್ ಆಗಿ ಕನ್ವರ್ಜ್ ಆಗೋ ಸಬ್‌ಸೀಕ್ವೆನ್ಸ್ ಇದ್ದೇ ಇರುತ್ತೆ ಅಂತಾರೆ. ಒಂದು ಬಿಂದುವಿಗೆ ಒಂದು ಸಬ್‌ಸೀಕ್ವೆನ್ಸ್ ಸಿಗುತ್ತೆ, ಅದು ಅರ್ಥ ಆಯ್ತು. ಆದ್ರೆ ಬಿಂದುಗಳು ಎಣಿಸೋಕೇ ಆಗದಷ್ಟಿವೆ. ಎಲ್ಲದಕ್ಕೂ ಸೇರಿ ಒಂದೇ ಹೇಗೆ ಬರುತ್ತೆ?

ಎಲ್ಲ ಬಿಂದುಗಳ ಗೋಜಿಗೇ ಹೋಗಬೇಕಾಗಿಲ್ಲ. ಭಾಗಲಬ್ಧ ಸಂಖ್ಯೆಗಳ ಮೇಲೆ ಕನ್ವರ್ಜ್ ಆಗುವ ಒಂದು ಸಬ್‌ಸೀಕ್ವೆನ್ಸ್ ಹುಡುಕಿಕೊಂಡರೆ ಸಾಕು, ಉಳಿದ ಬಿಂದುಗಳನ್ನು ಈಕ್ವಿಕಂಟಿನ್ಯುಟಿ ನೋಡಿಕೊಳ್ಳುತ್ತದೆ. ನಾನು ಮಂಡ್ಯದಲ್ಲಿ ಎಂ.ಎಸ್ಸಿ. ಮಕ್ಕಳಿಗೆ ರಿಯಲ್ ಅನಾಲಿಸಿಸ್ ಪಾಠ ಮಾಡುತ್ತೇನೆ. ಈ ಥಿಯರಮ್ಮಿನಲ್ಲಿ ಬಹಳ ಜನ ಎಡವುವುದು ಎರಡು ಕೆಲಸಗಳನ್ನು ಬೆರೆಸಿಕೊಂಡು. ಒಂದು ಕೆಲಸ ಬೌಂಡೆಡ್ ಅನ್ನುವ ಷರತ್ತಿನದು, ಇನ್ನೊಂದು ಈಕ್ವಿಕಂಟಿನ್ಯುಯಸ್ ಅನ್ನುವ ಷರತ್ತಿನದು. ಬೇರೆ ಬೇರೆ ಮಾಡಿ ನೋಡೋಣ.

ಮೊದಲು ಬೌಂಡೆಡ್. [0,1]ರಲ್ಲಿರುವ ಭಾಗಲಬ್ಧ ಸಂಖ್ಯೆಗಳನ್ನು r₁, r₂, r₃ ಅಂತ ಸಾಲಾಗಿ ಬರೆಯಬಹುದು. r₁ನಲ್ಲಿ fₙ(r₁) ಬೆಲೆಗಳೆಲ್ಲ ಒಂದು ಮಿತಿಯೊಳಗಿವೆ. ಹಾಗಾಗಿ ಬೊಲ್ಜಾನೊ–ವೈಯರ್‌ಸ್ಟ್ರಾಸ್ ಪ್ರಕಾರ ಕನ್ವರ್ಜ್ ಆಗುವ ಒಂದು ಸಬ್‌ಸೀಕ್ವೆನ್ಸ್ ಸಿಗುತ್ತದೆ. ಅದಕ್ಕೆ A₁ ಅನ್ನಿ. ಈಗ r₂ಗೆ ಹೋಗುವಾಗ ಮೂಲ ಸೀಕ್ವೆನ್ಸಿಗೆ ವಾಪಸ್ ಹೋಗಬೇಡಿ, A₁ ಒಳಗಿನಿಂದಲೇ ಇನ್ನೊಂದನ್ನು ಆರಿಸಿ, ಅದು A₂. ಅದು r₁ನಲ್ಲೂ ಕನ್ವರ್ಜ್ ಆಗುತ್ತದೆ, r₂ನಲ್ಲೂ ಆಗುತ್ತದೆ. A₂ ಒಳಗಿಂದ A₃. ಹೀಗೇ ಮುಂದಕ್ಕೆ.

ಇಲ್ಲಿಗೆ ಬಂದಾಗ ಕ್ಲಾಸಿನಲ್ಲಿ ಯಾರಾದರೂ ‘ಸಾರ್, ಎಲ್ಲ Aಗಳಲ್ಲೂ ಇರೋ ಪದಗಳನ್ನ ತಗೊಂಡ್ರಾಯ್ತಲ್ಲ’ ಅನ್ನುತ್ತಾರೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಆದರೆ ಹಾಗೆ ಎಲ್ಲದರಲ್ಲೂ ಇರುವ ಪದ ಒಂದೂ ಇಲ್ಲದೆ ಹೋಗಬಹುದು. A₁ ಅಂದರೆ ಎರಡರ ಅಪವರ್ತ್ಯಗಳು, A₂ ನಾಲ್ಕರವು, A₃ ಎಂಟರವು ಅಂತಿಟ್ಟುಕೊಳ್ಳಿ. ಎಲ್ಲದರಲ್ಲೂ ಇರುವ ಸಂಖ್ಯೆ ಯಾವುದೂ ಇಲ್ಲ. ಅದಕ್ಕೇ ಓರೆಯಾಗಿ ಇಳಿಯುವುದು: A₁ರ ಮೊದಲನೆಯದು, A₂ರ ಎರಡನೆಯದು, A₃ರ ಮೂರನೆಯದು. ಈ ಲೆಕ್ಕದಲ್ಲಿ 2, 8, 24, 64 ಹೀಗೆ ಬರುತ್ತವೆ. ಮೊದಲ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ A₂ರೊಳಗಿದೆ, ಮೊದಲ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ A₃ರೊಳಗಿದೆ. ಶುರುವಿನ ಕೆಲವು ಪದಗಳು ಹೆಚ್ಚು ಕಮ್ಮಿಯಾದರೆ ಲಿಮಿಟ್ಟಿಗೆ ಏನೂ ಆಗುವುದಿಲ್ಲ. ಆದ್ದರಿಂದ ಈ ಓರೆ ಸಾಲು ಪ್ರತಿಯೊಂದು ಭಾಗಲಬ್ಧ ಸಂಖ್ಯೆಯಲ್ಲೂ ಕನ್ವರ್ಜ್ ಆಗುತ್ತದೆ. ಡಯಾಗನಲ್ ಆರ್ಗ್ಯುಮೆಂಟ್ ಅನ್ನುವುದು ಇಷ್ಟೇ.

ಇಲ್ಲಿಯವರೆಗೆ ಈಕ್ವಿಕಂಟಿನ್ಯುಟಿ ಬಳಸಿಯೇ ಇಲ್ಲ, ಗಮನಿಸಿ. ಹಾಗಾಗಿ ಇಲ್ಲಿಯವರೆಗೆ ಗಳಿಸಿದ್ದು ಎಷ್ಟು ಕಮ್ಮಿ ಅನ್ನುವುದನ್ನು xⁿ ಚೆನ್ನಾಗಿ ತೋರಿಸುತ್ತದೆ. [0,1] ಮೇಲೆ ಇದರ ಬೆಲೆ 0ಗೂ 1ಕ್ಕೂ ನಡುವೆಯೇ ಇರುತ್ತದೆ. ಸಬ್‌ಸೀಕ್ವೆನ್ಸ್ ಕೂಡ ಬೇಡ, ಇಡೀ ಸೀಕ್ವೆನ್ಸೇ ಪ್ರತಿಯೊಂದು ಬಿಂದುವಿನಲ್ಲೂ ಕನ್ವರ್ಜ್ ಆಗುತ್ತದೆ: 1ರಲ್ಲಿ 1ಕ್ಕೆ, ಉಳಿದ ಕಡೆ 0ಗೆ. ಆದರೆ ಯೂನಿಫಾರ್ಮ್ ಆಗಿ ಅಲ್ಲ.

ಯಾಕೆ ಅಂತ ನೋಡಲು 0, 0.1, 0.2 ಅಂತ 1ರವರೆಗೆ ಹನ್ನೊಂದು ಗೂಟ ಹೊಡೆಯಿರಿ. x¹⁰⁰ ಮತ್ತು x¹⁰⁰⁰ ಎರಡನ್ನೂ ಈ ಗೂಟಗಳಲ್ಲಿ ಮಾತ್ರ ಹೋಲಿಸಿ. 1ರಲ್ಲಿ ಎರಡೂ 1. 0.9ರಲ್ಲಿ x¹⁰⁰ ಸುಮಾರು 0.00003, x¹⁰⁰⁰ ಹೆಚ್ಚುಕಡಿಮೆ ಸೊನ್ನೆ. ಅದಕ್ಕಿಂತ ಕೆಳಗೆ ಕೇಳುವುದೇ ಬೇಡ. ಗೂಟಗಳನ್ನಷ್ಟೇ ನೋಡಿದವರು ಎರಡೂ ಒಂದೇ ಫಂಕ್ಷನ್ ಅನ್ನುತ್ತಾರೆ. ಆದರೆ 0.997ರಲ್ಲಿ x¹⁰⁰ ಸುಮಾರು 0.74, x¹⁰⁰⁰ ಸುಮಾರು 0.05. ವ್ಯತ್ಯಾಸ 0.69! ಕೊನೆಯ ಎರಡು ಗೂಟಗಳ ನಡುವೆ, ಯಾರೂ ಕಾವಲಿಲ್ಲದ ಜಾಗದಲ್ಲಿ ಇಷ್ಟೂ ನಡೆದುಹೋಗಿದೆ. ಗೂಟ ಇನ್ನೂ ಒತ್ತಾಗಿ ಹೊಡೆದರೆ? ಅದಕ್ಕೆ ತಕ್ಕಂತೆ ಇನ್ನೂ ದೊಡ್ಡ n ತಗೊಂಡರೆ ಅದೇ ಕಥೆ. xⁿನ ಇಳಿಜಾರು 1ರಲ್ಲಿ n ಇರುತ್ತದೆ, n ಹೆಚ್ಚಿದಂತೆ ಕಡಿದಾಗುತ್ತಲೇ ಹೋಗುತ್ತದೆ. ಎಲ್ಲ nಗೂ ಒಪ್ಪುವ ಗೂಟದ ಅಂತರ ಅನ್ನುವುದೇ ಇಲ್ಲ.

ಈಕ್ವಿಕಂಟಿನ್ಯುಟಿ ಕೊಡುವುದು ಸರಿಯಾಗಿ ಆ ಅಂತರವನ್ನೇ. ε ಕೊಟ್ಟರೆ ಒಂದು δ ಸಿಗುತ್ತದೆ. ಎರಡು ಬಿಂದುಗಳು δಗಿಂತ ಹತ್ತಿರವಿದ್ದರೆ, ಯಾವ fₙ ತಗೊಂಡರೂ ಅದರ ಬೆಲೆ ಆ ಎರಡು ಬಿಂದುಗಳ ನಡುವೆ εಗಿಂತ ಹೆಚ್ಚು ಬದಲಾಗುವುದಿಲ್ಲ. ‘ಯಾವ fₙ ತಗೊಂಡರೂ’ ಅನ್ನುವಲ್ಲಿದೆ ಅದರ ಜೀವ. ಕಬ್ಬಿನ ಗದ್ದೆಗೆ ಬೇಲಿ ಹಾಕುವವರು ತಂತಿ ಎಷ್ಟು ಜೋಲುತ್ತದೆ ಅಂತ ನೋಡಿಕೊಂಡು ಕಂಬಗಳ ಅಂತರ ನಿರ್ಧರಿಸುತ್ತಾರೆ. ಇಲ್ಲಿ ತಂತಿಗಳು ಅನಂತ, ಆದರೆ ಯಾವುದೂ ಇಂತಿಷ್ಟಕ್ಕಿಂತ ಜೋಲುವುದಿಲ್ಲ ಅಂತ ಮೊದಲೇ ಮಾತು ಸಿಕ್ಕಿದೆ. ಆದ್ದರಿಂದ ಒಂದೇ ಸಾಲು ಕಂಬ ಎಲ್ಲದಕ್ಕೂ ಆಗುತ್ತದೆ.

ಈಗ ಪ್ರೂಫಿನ ಎರಡನೇ ಅರ್ಧ. ನಮ್ಮ ಓರೆ ಸಾಲನ್ನು g₁, g₂, g₃ ಅನ್ನೋಣ. ε ಕೊಡಿ. ε/3ಕ್ಕೆ ಸಿಗುವ δ ಹಿಡಿದು, [0,1]ರ ಯಾವ ಬಿಂದುವಿಗೂ δಗಿಂತ ಹತ್ತಿರ ಒಂದು ಗೂಟ ಇರುವಂತೆ ಭಾಗಲಬ್ಧ ಸಂಖ್ಯೆಗಳ ಮೇಲೆ ಗೂಟ ಹೊಡೆಯಿರಿ. ಇಂಟರ್ವಲ್‌ನ ಉದ್ದ 1, δ ಸೊನ್ನೆಗಿಂತ ದೊಡ್ಡದು, ಅಂದಮೇಲೆ ಮಿತ ಸಂಖ್ಯೆಯ ಗೂಟಗಳೇ ಸಾಕು. ಪ್ರತಿ ಗೂಟದಲ್ಲೂ gಗಳು ಕನ್ವರ್ಜ್ ಆಗುತ್ತವೆ, ಹಾಗಾಗಿ ಪ್ರತಿ ಗೂಟಕ್ಕೂ ಒಂದೊಂದು N ಇದೆ, ಅದರಿಂದಾಚೆಗೆ ಆ ಗೂಟದಲ್ಲಿ ಯಾವ ಎರಡು gಗಳ ವ್ಯತ್ಯಾಸವೂ ε/3ಗಿಂತ ಕಮ್ಮಿ. ಗೂಟಗಳು ಮಿತವಾಗಿರುವುದರಿಂದ ಈ Nಗಳಲ್ಲಿ ಅತಿ ದೊಡ್ಡದು ಅಂತ ಒಂದಿರುತ್ತದೆ. ಅದನ್ನು ಹಿಡಿಯಿರಿ. ಇನ್ನು x ಯಾವುದೇ ಇರಲಿ, ಅದರ ಪಕ್ಕದ ಗೂಟ p ಅಂದರೆ, N ದಾಟಿದ m, n ಎರಡಕ್ಕೂ

|gₘ(x) − gₙ(x)| ≤ |gₘ(x) − gₘ(p)| + |gₘ(p) − gₙ(p)| + |gₙ(p) − gₙ(x)| < ε

ಬಲಗಡೆಯ ಮೊದಲ ಮತ್ತು ಮೂರನೇ ಭಾಗ ಈಕ್ವಿಕಂಟಿನ್ಯುಟಿಯ ಪಾಲು, ನಡುವಿನದು ಡಯಾಗನಲ್‌ನ ಪಾಲು. N ಆರಿಸುವಾಗ xನ ಹೆಸರೇ ಎತ್ತಲಿಲ್ಲ, ಯೂನಿಫಾರ್ಮ್ ಅಂದರೆ ಇದೇ. ಮುಂದಿನದು ಗೊತ್ತಿರುವ ವಿಷಯ: ಯೂನಿಫಾರ್ಮ್ ಆಗಿ ಕೌಶಿ ಆದ ಸೀಕ್ವೆನ್ಸಿಗೆ ಲಿಮಿಟ್ ಇರುತ್ತದೆ, ಮತ್ತು ಅದು ಕಂಟಿನ್ಯುಯಸ್ ಆಗಿರುತ್ತದೆ.

ಒಂದು ನಿಜವಾದ ಸೀಕ್ವೆನ್ಸ್ ಮೇಲೆ ಇದನ್ನು ನೋಡಿದರೆ ಇನ್ನೂ ಚೆನ್ನ. fₙ(x) = sin(x + n), [0,1] ಮೇಲೆ. ಬೆಲೆ −1ರಿಂದ 1ರೊಳಗೆ, ಇಳಿಜಾರು ಎಲ್ಲೂ 1 ದಾಟುವುದಿಲ್ಲ, ಆದ್ದರಿಂದ δ = ε ಇಟ್ಟರೆ ಎಲ್ಲ nಗೂ ಆಯಿತು. ಮೇಲಿನ ಹನ್ನೊಂದು ಗೂಟಗಳನ್ನೇ ತಗೊಳ್ಳಿ. ಯಾವ x ಆದರೂ ಹತ್ತಿರದ ಗೂಟದಿಂದ 0.05ಕ್ಕಿಂತ ದೂರ ಇಲ್ಲ. ಈ ಸೀಕ್ವೆನ್ಸಿನ ಎರಡು ಫಂಕ್ಷನ್‌ಗಳು ಹನ್ನೊಂದೂ ಗೂಟಗಳಲ್ಲಿ 0.1ರಷ್ಟು ಹತ್ತಿರವಿದ್ದರೆ, ಇಡೀ [0,1]ರಲ್ಲಿ 0.05 + 0.1 + 0.05, ಅಂದರೆ 0.2ಕ್ಕಿಂತ ದೂರ ಹೋಗಲಾರವು. xⁿಗೆ ಮೋಸ ಮಾಡಿದ ಅದೇ ಗೂಟಗಳು ಇಲ್ಲಿ ಪೂರ್ತಿ ಕಾವಲು ಕಾಯುತ್ತವೆ.

ಈ ಸೀಕ್ವೆನ್ಸ್ ತಾನಾಗಿ ಕನ್ವರ್ಜ್ ಆಗುವುದಿಲ್ಲ. n ಒಂದೊಂದಾಗಿ ಏರಿದಂತೆ ಅಲೆ ಸರಿಯುತ್ತಲೇ ಇರುತ್ತದೆ. ಸಮಸಂಖ್ಯೆಗಳನ್ನು ಮಾತ್ರ ತಗೊಂಡರೂ ಪ್ರಯೋಜನವಿಲ್ಲ. ಆದರೆ ಸಬ್‌ಸೀಕ್ವೆನ್ಸ್ ಇದ್ದೇ ಇದೆ ಅಂತ ಥಿಯರಮ್ ಹೇಳುತ್ತದಲ್ಲ, ಹುಡುಕೋಣ. n ಅನ್ನುವುದು 2πನ ಅಪವರ್ತ್ಯಕ್ಕೆ ಹತ್ತಿರವಿದ್ದರೆ sin(x + n) ಅನ್ನುವುದು sin xಗೆ ಹತ್ತಿರ. ಸ್ಕೂಲಿನಿಂದ ಬಂದ 22/7 ಇಲ್ಲಿ ಕೆಲಸಕ್ಕೆ ಬರುತ್ತದೆ: 44 ಅಂದರೆ 14π, ವ್ಯತ್ಯಾಸ ಸುಮಾರು 0.018. ಮುಂದೆ 355/113ರಿಂದ 710 ಸಿಗುತ್ತದೆ, ಅದು 226πಗಿಂತ ಕೇವಲ 0.00006 ದೂರ. ಆಮೇಲೆ 103993, ಅದು 33102πಗೆ ಸುಮಾರು 0.00002 ಹತ್ತಿರ. sinನ ಇಳಿಜಾರು 1ರೊಳಗಿರುವುದರಿಂದ ಇಷ್ಟೇ ದೂರಗಳು [0,1]ರ ಎಲ್ಲ xಗೂ ಮಿತಿಗಳಾಗುತ್ತವೆ. ಹೀಗೆ 44, 710, 103993 ಅಂತ ಮುಂದುವರಿಯುವ ಸಬ್‌ಸೀಕ್ವೆನ್ಸ್ sin xಗೆ ಯೂನಿಫಾರ್ಮ್ ಆಗಿ ಹೋಗುತ್ತದೆ. ಇದೇ ರೀತಿ 22, 355ರ ದಾರಿ ಹಿಡಿದರೆ ಅವು πನ ಬೆಸ ಅಪವರ್ತ್ಯಗಳ ಹತ್ತಿರ, ಲಿಮಿಟ್ −sin x. ಸಬ್‌ಸೀಕ್ವೆನ್ಸ್ ಇದೆ ಅನ್ನುವುದಷ್ಟೇ ಥಿಯರಮ್ಮಿನ ಭರವಸೆ. ಯಾವುದು, ಎಲ್ಲಿಗೆ ಅನ್ನುವುದನ್ನು ಅದು ಹೇಳುವುದಿಲ್ಲ.

ಇನ್ನು ‘ಕ್ಲೋಸ್ಡ್ ಇಂಟರ್ವಲ್’ ಅನ್ನುವ ಷರತ್ತು. ಪುಸ್ತಕಗಳಲ್ಲಿ ಈಕ್ವಿಕಂಟಿನ್ಯುಟಿಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಕೆಲವರು ಮೇಲೆ ನಾನು ಬರೆದಂತೆ ಇಡೀ ಇಂಟರ್ವಲ್ಲಿಗೆ ಒಂದೇ δ ಅನ್ನುತ್ತಾರೆ. ಕೆಲವರು ಪ್ರತಿ ಬಿಂದುವಿಗೂ ಅದರದೇ ಒಂದು δ, ಎಲ್ಲ nಗೂ ಅದೇ, ಅನ್ನುತ್ತಾರೆ. ಕ್ಲೋಸ್ಡ್ ಮತ್ತು ಬೌಂಡೆಡ್ ಆದ ಇಂಟರ್ವಲ್ ಮೇಲೆ ಎರಡೂ ಒಂದೇ, ಯಾಕೆಂದರೆ ಹೈನೆ–ಬೊರೆಲ್ ಪ್ರಕಾರ ಕೆಲವೇ ಬಿಂದುಗಳ ಸುತ್ತಲ ನೆರೆಗಳು ಇಡೀ ಇಂಟರ್ವಲ್ಲನ್ನು ಮುಚ್ಚುತ್ತವೆ. ಕೊನೆಯ ಬಿಂದು ಕಿತ್ತುಹಾಕಿದರೆ ಒಂದೇ ಅಲ್ಲ. ಅದೇ xⁿ ಅನ್ನು ಮತ್ತೆ ನೋಡಿ. [0, 0.9] ಮೇಲೆ ಅದರ ಇಳಿಜಾರು ಯಾವ nಗೂ 4 ದಾಟುವುದಿಲ್ಲ, ಹಾಗಾಗಿ ಅಲ್ಲಿ ಅದು ಶಿಸ್ತಾಗಿ ಈಕ್ವಿಕಂಟಿನ್ಯುಯಸ್. 0.9ರ ಬದಲು 1ಕ್ಕಿಂತ ಕಮ್ಮಿ ಇರುವ ಯಾವ ಸಂಖ್ಯೆ ಇಟ್ಟರೂ ಒಂದು ಮಿತಿ ಸಿಗುತ್ತದೆ, ಆದರೆ 1ಕ್ಕೆ ಹತ್ತಿರವಾದಂತೆ ಆ ಮಿತಿ ಬೆಳೆಯುತ್ತ ಹೋಗುತ್ತದೆ. ಅಂದರೆ [0,1) ಮೇಲೆ ಪ್ರತಿ ಬಿಂದುವಿಗೂ δ ಇದೆ, ಎಲ್ಲಕ್ಕೂ ಒಪ್ಪುವ δ ಇಲ್ಲ, ಯೂನಿಫಾರ್ಮ್ ಆಗಿ ಕನ್ವರ್ಜ್ ಆಗುವ ಸಬ್‌ಸೀಕ್ವೆನ್ಸೂ ಇಲ್ಲ. ನಿಮ್ಮ ಪುಸ್ತಕದಲ್ಲಿ ಯಾವ ಬಗೆಯ ಡೆಫಿನಿಷನ್ ಇದೆ ಅಂತ ಒಮ್ಮೆ ನೋಡಿಕೊಳ್ಳಿ. ಎರಡನೆಯದಾಗಿದ್ದರೆ ಪರೀಕ್ಷೆಯಲ್ಲಿ ಹೈನೆ–ಬೊರೆಲ್ ಸಾಲು ಬರೆಯದೆ ಮುಂದೆ ಹೋದರೆ ಅಂಕ ಹೋಗುತ್ತದೆ.

ಇಂಟರ್ವಲ್ಲೇ ಬೌಂಡೆಡ್ ಅಲ್ಲದ ಕಡೆ ಇನ್ನೊಂದು ತೊಂದರೆ. ಇಡೀ ನಂಬರ್ ಲೈನ್ ಮೇಲೆ fₙ(x) = max(0, 1 − |x − n|) ತಗೊಳ್ಳಿ, nನಲ್ಲಿ 1ರಷ್ಟು ಎತ್ತರದ ಒಂದು ಚೂಪು ದಿಬ್ಬ, ಅದು ಬಲಕ್ಕೆ ಸರಿಯುತ್ತ ಹೋಗುತ್ತದೆ. ಫಂಕ್ಷನ್‌ಗಳು ಬೌಂಡೆಡ್ ಹೌದು, ಇಳಿಜಾರು 1 ದಾಟುವುದಿಲ್ಲ, ಎಲ್ಲ ಕಡೆಗೂ ಒಂದೇ δ ಕೂಡ ಇದೆ. ಪ್ರತಿ ಬಿಂದುವಿನಲ್ಲೂ ಲಿಮಿಟ್ 0. ಆದರೆ ಪ್ರತಿ fₙಗೂ ಎಲ್ಲೋ ಒಂದು ಕಡೆ ಬೆಲೆ 1 ಇರುವುದರಿಂದ ಯೂನಿಫಾರ್ಮ್ ಅಲ್ಲ. ಪ್ರೂಫಿನಲ್ಲಿ ಮುರಿದದ್ದು ಒಂದೇ ಕಡೆ: ಗೂಟಗಳು ಅನಂತವಾದವು. p ಅನ್ನುವ ಗೂಟದ N ಹೆಚ್ಚುಕಡಿಮೆ p + 1, ಹಾಗಾಗಿ Nಗಳಲ್ಲಿ ಅತಿ ದೊಡ್ಡದು ಅನ್ನುವುದು ಸಿಗುವುದೇ ಇಲ್ಲ.